ಹನ್ನೆರಡು ಕಂತಿಗೆ ಮೊದಲು ಐದು ತುಣುಕು

ಎರಡು ವರ್ಷದ ಹಿಂದೆ ಹಳೆಯ ಕಲ್ಯಾಣಿಗಳ ಬಗ್ಗೆ ಎಂಟು ಕಂತಿನ ವಿಡಿಯೋ ಸರಣಿ ಮಾಡಿದ್ದೆ. ನಾಲ್ಕು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ಎಂಟೂ ಕಂತು ಶೂಟ್ ಆಗಿ, ಎಡಿಟ್ ಆಗಿ, ಸಿದ್ಧವಾದ ಮೇಲೆ ಮೊದಲನೆಯದನ್ನು ಹಾಕಿದೆ. 900 ಜನ ನೋಡಿದರು. ಮೂರನೆಯದನ್ನು 140 ಜನ. ಮೊದಲ ಕಂತಿನ ಕೆಳಗೆ ಯಾರೋ ಬರೆದಿದ್ದರು: "ಅಣ್ಣಾ, ನೀರು ಕಾಣೋಕೆ ಆರು ನಿಮಿಷ ಆಯ್ತು."

ಸರಿಯಾದ ಮಾತು. ಪೀಠಿಕೆ ಹಾಕಿದ್ದೆ, ಡ್ರೋನ್ ಹಾರಿಸಿದ್ದೆ, ಊರಿನ ಇತಿಹಾಸ ಹೇಳಿದ್ದೆ, ಆಮೇಲೆ ಕಲ್ಯಾಣಿ. ಎಂಟೂ ಕಂತಿನಲ್ಲಿ ಇದೇ ತಪ್ಪು. ಒಂದನ್ನು ಹಾಕಿ ನೋಡಿ ಇನ್ನೊಂದು ಮಾಡಿದ್ದರೆ ಏಳು ಕಂತಾದರೂ ಉಳಿಯುತ್ತಿದ್ದವು.

ಹಾಗಾಗಿ ಮುಂದಿನ ಐಡಿಯಾ ತಲೆಗೆ ಬಂದಾಗ ಮೊದಲು ಪರೀಕ್ಷೆ ಮಾಡೋಣ ಅಂದುಕೊಂಡೆ. ಐಡಿಯಾ ಇಷ್ಟು: ಬೆಂಗಳೂರು ಮತ್ತು ಸುತ್ತಮುತ್ತಲಿನ ಶಾಸನ ಕಲ್ಲುಗಳು. ಒಂದೊಂದು ಕಂತಿಗೆ ಒಂದೊಂದು ಕಲ್ಲು, ಹದಿನೈದು ನಿಮಿಷ, ಒಟ್ಟು ಹನ್ನೆರಡು ಕಂತು. ಅದಕ್ಕೆ ಕೈ ಹಾಕುವ ಮೊದಲು 45 ಸೆಕೆಂಡಿನ ಕೆಲವು ಶಾರ್ಟ್ಸ್ ಹಾಕಿ ನೋಡುವುದು. ಕೇಳಲು ಸುಲಭ ಅಲ್ವಾ? ಆದರೆ ಇಂಥ ಪರೀಕ್ಷೆಯನ್ನು ತಪ್ಪಾಗಿ ಮಾಡುವುದು ಬಹಳ ಸುಲಭ. ನಾನೂ ಇನ್ನೇನು ಹಾಗೇ ಮಾಡುವವನಿದ್ದೆ.

ಒಳ್ಳೆಯ ಕಲ್ಲನ್ನೇ ಮೊದಲು ತೋರಿಸುವ ಆಸೆ

ಶಾಸನ ಅಂದ ಕೂಡಲೇ ನನಗೆ ಹೊಳೆದದ್ದು ಬೇಗೂರಿನ ಕಲ್ಲು. ಸುಮಾರು ಕ್ರಿ.ಶ. 890ರ ವೀರಗಲ್ಲು. ಗಂಗರ ಕಾಲದ್ದು. 'ಬೆಂಗಳೂರು ಕಾಳಗ'ದಲ್ಲಿ ಸತ್ತವನೊಬ್ಬನ ನೆನಪಿಗೆ ನಿಲ್ಲಿಸಿದ್ದು. ಅಜ್ಜಿ ಕೊಟ್ಟ ಬೆಂದ ಕಾಳು ತಿಂದು ಬಲ್ಲಾಳ ರಾಜ ಈ ಊರಿಗೆ ಬೆಂದಕಾಳೂರು ಅಂತ ಹೆಸರಿಟ್ಟ ಎಂಬ ಕಥೆ ಎಲ್ಲರಿಗೂ ಗೊತ್ತು. ಆ ಬಲ್ಲಾಳನಿಗಿಂತ ಮುನ್ನೂರು ವರ್ಷ ಹಿಂದಿನ ಕಲ್ಲಿನಲ್ಲೇ ಬೆಂಗಳೂರು ಅಂತ ಕೆತ್ತಿದೆ ಅಂದರೆ ಯಾರು ತಾನೇ ನಿಂತು ನೋಡುವುದಿಲ್ಲ?

ತೊಂದರೆ ಇರುವುದು ಇಲ್ಲೇ. ಅಂಥ ಕಲ್ಲು ನನ್ನ ಹನ್ನೆರಡರಲ್ಲಿ ಒಂದೇ. ಹೆಬ್ಬಾಳದ ಕಿತ್ತಯ್ಯನ ಕಲ್ಲನ್ನು ಸೇರಿಸಿದರೆ ಎರಡು. ಅದು ಸುಮಾರು 750ರದು, ಗಂಗ ದೊರೆ ಶ್ರೀಪುರುಷನ ಕಾಲದ್ದು. 2018ರಲ್ಲಿ ಮೋರಿ ಅಗೆಯುವಾಗ ಸಿಕ್ಕಿತು ಅನ್ನುವುದೇ ಒಂದು ಕಥೆ. ಉಳಿದ ಹತ್ತು? ಯಾರೋ ಯಾವುದೋ ದೇವಸ್ಥಾನಕ್ಕೆ ಇಷ್ಟು ಗದ್ದೆ ಬಿಟ್ಟ, ಇನ್ಯಾರೋ ಕೆರೆಗೆ ತೂಬು ಕಟ್ಟಿಸಿದ. ಕೆರೆ ಏರಿಯ ಪಕ್ಕ ಬೇಲಿಯೊಳಗೆ ವಾಲಿಕೊಂಡು ನಿಂತ ದಾನಶಾಸನಗಳು. ನನಗೆ ಅವೂ ಪ್ರೀತಿಯೇ. ಆದರೆ ನೋಡುವವರಿಗೆ?

ಬೇಗೂರು ಕಲ್ಲಿನ ಶಾರ್ಟ್ ಓಡಿದರೆ ಬೇಗೂರು ಕಲ್ಲು ಓಡಿತು ಅಂತ ಗೊತ್ತಾಗುತ್ತದೆ, ಅಷ್ಟೇ. ಸರಣಿ ಓಡುತ್ತದೆ ಅಂತ ಗೊತ್ತಾಗುವುದಿಲ್ಲ. ಸರಣಿ ಅಂದರೆ ಒಂದೇ ಅಚ್ಚಿನಲ್ಲಿ ಮತ್ತೆ ಮತ್ತೆ ಬರುವಂಥದ್ದು. ಆ ಅಚ್ಚು ಒಳ್ಳೆಯದಿದೆಯೇ ಅಂತ ನೋಡಬೇಕಾದರೆ ಅತಿ ಸಾಧಾರಣವಾದ ವಸ್ತುವನ್ನು ಅದರಲ್ಲಿ ಹಾಕಿ ನೋಡಬೇಕು. ಏಳನೆಯ ಕಂತು, ಒಂಬತ್ತನೆಯ ಕಂತು, ಅಂದರೆ ನಡುವಿನ ಬಡಪಾಯಿ ಕಂತುಗಳನ್ನು. ಹೋಟೆಲಿನ ದೋಸೆ ಹೇಗಿದೆ ಅಂತ ತಿಳಿಯಲು ಬೆಣ್ಣೆ ಮಸಾಲೆ ತರಿಸುವವರು ಬೇರೆ, ಖಾಲಿ ದೋಸೆ ತರಿಸುವವರು ಬೇರೆ. ನಾನು ಈಗ ಎರಡನೆಯ ಪಂಗಡ.

ಕೊನೆಗೆ ಐದು ತುಣುಕು ಅಂತ ತೀರ್ಮಾನಿಸಿದೆ. ಒಂದು ಬೇಗೂರು, ಒಂದು ಹೆಬ್ಬಾಳ, ಮೂರು ಸಾಮಾನ್ಯ ದಾನಶಾಸನಗಳು. ಮೊದಲ ಎರಡು ಪರೀಕ್ಷೆಗಲ್ಲ, ಹೋಲಿಸಿ ನೋಡುವುದಕ್ಕೆ. ನಿಜವಾದ ಪರೀಕ್ಷೆ ಕೊನೆಯ ಮೂರರದ್ದು.

ಯಾವುದಕ್ಕೂ 'ಭಾಗ 1' ಅಂತ ಹಾಕಲಿಲ್ಲ. ನಂಬರ್ ಹಾಕಿದರೆ ಮಾತು ಕೊಟ್ಟ ಹಾಗೆ. ನಂಬರ್ ಇಲ್ಲದಿದ್ದರೆ ಸರಣಿ ಕೈಬಿಟ್ಟರೂ ಕೇಳುವವರಿಲ್ಲ. ಐದೂ ಬಿಡಿ ವಿಡಿಯೋಗಳಾಗಿ ಉಳಿಯುತ್ತವೆ.

ಮೊದಲೇ ಬರೆದಿಟ್ಟ ಚೀಟಿ

ಅಪ್‌ಲೋಡ್ ಮಾಡುವ ಮೊದಲು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಇದನ್ನು ಮೊದಲೇ ಬರೆಯಬೇಕು. ಅಂಕಿ ನೋಡಿದ ಮೇಲೆ ಬರೆದರೆ ಎಂಥ ಅಂಕಿಯನ್ನೂ ನಾವು "ಪರವಾಗಿಲ್ಲ, ಚೆನ್ನಾಗೇ ಇದೆ" ಅನ್ನುತ್ತೇವೆ. ಪ್ರೀತಿಸಿದ ಐಡಿಯಾ ಅಲ್ವಾ.

ಚೀಟಿಯಲ್ಲಿದ್ದ ಮುಖ್ಯ ಅಂಕಿ ಒಂದೇ. ಶಾರ್ಟ್ಸ್ ಫೀಡಿನಲ್ಲಿ ವಿಡಿಯೋ ಎದುರಾದಾಗ ನೂರರಲ್ಲಿ ಎಷ್ಟು ಜನ ನಿಂತು ನೋಡಿದರು, ಎಷ್ಟು ಜನ ಬೆರಳಿನಿಂದ ಸರಿಸಿ ಮುಂದೆ ಹೋದರು ಅನ್ನುವುದು. ಯೂಟ್ಯೂಬ್ ಸ್ಟುಡಿಯೋದಲ್ಲಿ ಇದು `Viewed vs. swiped away` ಎಂಬ ಹೆಸರಿನಲ್ಲಿ ಬಂತು. ಹೆಸರು ಅಲ್ಪಸ್ವಲ್ಪ ಬದಲಾಗುತ್ತಿರುತ್ತದೆ, ಅರ್ಥ ಅದೇ. ನನ್ನ ಚಾನೆಲ್‌ನ ಹಿಂದಿನ ಇಪ್ಪತ್ತು ಶಾರ್ಟ್ಸ್ ತೆಗೆದು ನೋಡಿದೆ. ಸರಾಸರಿ ನೂರಕ್ಕೆ 62 ಜನ ನಿಂತಿದ್ದರು. ಹೀಗಾಗಿ ನನ್ನ ಗೆರೆ 62. ಬೇರೆ ಚಾನೆಲ್‌ನವರು 80 ಅಂತಾರೆ, ಇನ್ಯಾರೋ 70 ಇಲ್ಲದಿದ್ದರೆ ದಂಡ ಅಂತಾರೆ. ಅವೆಲ್ಲ ಅವರವರ ವಿಷಯಕ್ಕೆ, ಅವರವರ ನೋಡುಗರಿಗೆ ಸರಿ. ಬೆಕ್ಕಿನ ವಿಡಿಯೋದ ಅಂಕಿಯನ್ನು ಶಾಸನದ ಪಕ್ಕ ಇಟ್ಟು ಅಳುವುದರಲ್ಲಿ ಅರ್ಥವಿಲ್ಲ.

ಹೀಗೆ ಬರೆದೆ: ಸಾಮಾನ್ಯ ಕಲ್ಲುಗಳ ತುಣುಕಿನಲ್ಲಿ ಸಾಲಾಗಿ ಎರಡು 62 ದಾಟಿದರೆ ಮುಂದಿನ ಹೆಜ್ಜೆ. 55ರ ಕೆಳಗೆ ಬಿದ್ದರೆ ಆ ರೂಪ ಅಲ್ಲಿಗೇ ನಿಂತಿತು. ನಡುವೆ ಬಂದರೆ ಆರಂಭ ಬದಲಿಸಿ ಒಂದೇ ಒಂದು ಅವಕಾಶ.

ವ್ಯೂಸ್ ಅನ್ನು ಯಾಕೆ ಗೆರೆಯಾಗಿ ಇಟ್ಟುಕೊಳ್ಳಲಿಲ್ಲ ಅಂತ ಕೇಳಬಹುದು. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನ ವ್ಯೂ ಎಣಿಸುವ ರೀತಿಯನ್ನೇ ಬದಲಿಸಿತು. ವಿಡಿಯೋ ಶುರುವಾದರೆ ಸಾಕು, ಒಂದು ವ್ಯೂ. ಮತ್ತೆ ಸುತ್ತಿ ಮೊದಲಿನಿಂದ ಶುರುವಾದರೆ ಇನ್ನೊಂದು. ಅರ್ಧ ಸೆಕೆಂಡಿನಲ್ಲಿ ಸರಿಸಿ ಹೋದವರೂ ಲೆಕ್ಕಕ್ಕೆ ಬರುತ್ತಾರೆ. ಹಳೆಯ ಲೆಕ್ಕ ಈಗ `Engaged views` ಎಂಬ ಹೆಸರಿನಲ್ಲಿ ಒಳಗೆ ಸಿಗುತ್ತದೆ. ಅದು ಗೊತ್ತಿಲ್ಲದೆ 2024ರ ಶಾರ್ಟ್‌ನ ವ್ಯೂಸನ್ನು ಈಗಿನದರ ಜೊತೆ ಹೋಲಿಸಿದರೆ, ಏನೂ ಮಾಡದೆಯೇ ನಾವು ಬೆಳೆದ ಹಾಗೆ ಕಾಣುತ್ತದೆ.

ಇನ್ನೊಂದು ಮಾತು, ಕಡಿಮೆ ಜನ ನೋಡಿದಾಗಿನ ಅಂಕಿಯನ್ನು ನಂಬಬಾರದು. ನಾಣ್ಯವನ್ನು ನೂರು ಸಲ ಚಿಮ್ಮಿದರೆ ಸರಿಯಾಗಿ ಐವತ್ತು ಸಲ ತಲೆ ಬೀಳುವುದಿಲ್ಲವಲ್ಲ, ಹಾಗೆ. 300 ಜನರಿಗೆ ತೋರಿಸಿದಾಗ 60 ಬಂದರೆ ಅದು ನಿಜಕ್ಕೂ 54 ಇರಬಹುದು, 66 ಕೂಡ ಇರಬಹುದು. 3,000 ಜನರಿಗೆ ತೋರಿಸಿದಾಗ ಈ ತೂಗಾಟ ಎರಡು ಅಂಕಕ್ಕೆ ಇಳಿಯುತ್ತದೆ. ಮೊದಲ ಸಂಜೆಯೇ ಫೋನ್ ತೆಗೆದು "ಅಯ್ಯೋ 57" ಅಂತ ಕೂರುವವರಿಗೆ ಇದನ್ನು ಹೇಳುತ್ತಿದ್ದೇನೆ. ಅವರಲ್ಲಿ ನಾನೂ ಒಬ್ಬ. ಪ್ರತಿ ತುಣುಕಿಗೂ ಹತ್ತು ದಿನ ಕೊಟ್ಟೆ. ಕೆಲವು ಶಾರ್ಟ್ಸ್ ಎರಡು ದಿನ ಸತ್ತಂತೆ ಮಲಗಿ ಮೂರನೆಯ ದಿನ ಏಳುತ್ತವೆ.

ಮನೆಯವರ ಗುಂಪಿಗೆ ಲಿಂಕ್ ಕಳಿಸಲಿಲ್ಲ. ಇದು ಕಷ್ಟವಾಯಿತು. ಚಿಕ್ಕಮ್ಮ ಪ್ರತಿ ವಿಡಿಯೋವನ್ನೂ ಪೂರ್ತಿ ನೋಡುತ್ತಾರೆ, ನೋಡಿ ಹೃದಯದ ಗುರುತು ಕಳಿಸುತ್ತಾರೆ. ಅದು ನನ್ನ ಮೇಲಿನ ಪ್ರೀತಿ, ಶಾಸನದ ಮೇಲಿನದಲ್ಲ. ಪರೀಕ್ಷೆಯಲ್ಲಿ ನನಗೆ ಬೇಕಿದ್ದುದು ಪರಿಚಯವಿಲ್ಲದವರ ಬೆರಳು. ಇನ್‌ಸ್ಟಾಗ್ರಾಮ್‌ನಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ 2024ರ ಡಿಸೆಂಬರ್‌ನಲ್ಲಿ ಬಂತು, ಟ್ರಯಲ್ ರೀಲ್ಸ್ ಅಂತ. ನಿಮ್ಮನ್ನು ಫಾಲೋ ಮಾಡದವರಿಗೆ ಮೊದಲು ತೋರಿಸುತ್ತದೆ. ಚೆನ್ನಾಗಿ ಹೋದರೆ ಆಮೇಲೆ ನಿಮ್ಮವರಿಗೆ. ರೀಲ್ಸ್ ಮಾಡುವವರು ಅಲ್ಲಿಂದಲೇ ಶುರು ಮಾಡಬಹುದು. ನಾನು ಯೂಟ್ಯೂಬಿನವನಾದ್ದರಿಂದ ಇಲ್ಲೇ ಉಳಿದೆ.

ಕಲ್ಲಿನ ಮೇಲೆ ಟಾರ್ಚ್

ಮೊದಲ ಎರಡು ನಿರೀಕ್ಷಿಸಿದ ಹಾಗೇ ಆದವು. ಬೇಗೂರು ಕಲ್ಲಿಗೆ ನೂರಕ್ಕೆ 74 ಜನ ನಿಂತರು. ಫೀಡಿನಲ್ಲಿ ಸುಮಾರು 28,000 ಸಲ ತೋರಿಸಿತ್ತು, ಅಂದರೆ 21,000ದ ಹತ್ತಿರ ನಿಂತು ನೋಡಿದರು. ನನ್ನ ಪುಟ್ಟ ಚಾನೆಲ್‌ಗೆ ಇದು ಜಾತ್ರೆ. ಹೆಬ್ಬಾಳದ್ದು 63.

ಮೂರನೆಯದು ಸಾಮಾನ್ಯ ದಾನಶಾಸನ. ನಾನು ಬಲ್ಲ ರೀತಿಯಲ್ಲೇ ಶುರು ಮಾಡಿದ್ದೆ. "ಇದು ಹತ್ತನೆಯ ಶತಮಾನದ ಶಾಸನ. ಆಗ ಈ ಭಾಗವನ್ನು ಗಂಗರು ಆಳುತ್ತಿದ್ದರು..." 48. ಗೆರೆಯ ಎಷ್ಟೋ ಕೆಳಗೆ. ವಿಡಿಯೋದ ಒಳಗಿನ ಗ್ರಾಫ್ ತೆಗೆದು ನೋಡಿದರೆ 'ಆಳುತ್ತಿದ್ದರು' ಅನ್ನುವಷ್ಟರಲ್ಲಿ ಜನ ಕಾಲು ಕಿತ್ತಿದ್ದರು. ಚೀಟಿಯ ಪ್ರಕಾರ ಈ ರೂಪ ಸತ್ತಿತು. ಎರಡು ದಿನ ಬೇಜಾರಿನಲ್ಲಿದ್ದೆ.

ನಾಲ್ಕನೆಯದಕ್ಕೆ ಇನ್ನೊಂದು ಊರಿನ ಅದೇ ಜಾತಿಯ ಕಲ್ಲನ್ನು ಮೊದಲೇ ಶೂಟ್ ಮಾಡಿ ಇಟ್ಟಿದ್ದೆ. ಅಳತೆ ಅದೇ 45 ಸೆಕೆಂಡ್, ಧ್ವನಿ ನನ್ನದೇ, ಹಾಕುವ ವೇಳೆ ಅದೇ ಸಂಜೆ ಏಳು. ಬದಲಿಸಿದ್ದು ಆರಂಭವನ್ನು ಮಾತ್ರ. ಒಂದೇ ಸಲಕ್ಕೆ ನಾಲ್ಕು ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಆ ಆರಂಭ ಸಿಕ್ಕಿದ್ದು ಶೂಟಿಂಗ್ ದಿನ ನಡೆದ ಒಂದು ಸಣ್ಣ ಸಂಗತಿಯಿಂದ. ಹಳೆಯ ಶಾಸನವನ್ನು ನಡುಹಗಲಲ್ಲಿ ನೋಡಿದರೆ ಏನೂ ಕಾಣುವುದಿಲ್ಲ. ಬರೀ ಒರಟು ಕಲ್ಲು. ಬೆಳಕು ನೇರವಾಗಿ ಬಿದ್ದಾಗ ಅಕ್ಷರದ ಹಳ್ಳದಲ್ಲಿ ನೆರಳು ಇರುವುದಿಲ್ಲ, ಹಾಗಾಗಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ತಾಗಿಸಿ, ಪಕ್ಕದಿಂದ ಅಡ್ಡಡ್ಡ ಬೆಳಕು ಬಿಟ್ಟರೆ ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಅಂದು ಟಾರ್ಚ್ ಹಿಡಿದು ನಿಂತಿದ್ದ ಊರಿನ ಹುಡುಗ ಒಂದು ಅಕ್ಷರದ ಮೇಲೆ ಬೆರಳಿಟ್ಟು ಕೇಳಿದ, "ಇದು ಯಾವ ಅಕ್ಷರ ಸಾರ್? ನಮ್ಮ ಪುಸ್ತಕದಲ್ಲಿ ಇಲ್ಲ."

ಅದು ೞ. ನಮ್ಮ ವರ್ಣಮಾಲೆಯಿಂದ ನೂರಾರು ವರ್ಷಗಳ ಹಿಂದೆಯೇ ಬಿದ್ದುಹೋದ ಅಕ್ಷರ. ಕಲ್ಲಿನಲ್ಲಿ 'ಗೞ್ದೆ' ಅಂತಿತ್ತು. ಗೞ್ದೆ ಆಮೇಲೆ ಗರ್ದೆ ಆಯಿತು, ಗರ್ದೆ ಗದ್ದೆ ಆಯಿತು. ಹುಡುಗನಿಗೆ ಹೇಳಿದೆ. ಅವನು ಹಿಂದೆ ತಿರುಗಿ ಕೆರೆಯ ಕೆಳಗಿನ ಬಯಲನ್ನು ನೋಡಿ "ಓ, ಇದೇ ಗದ್ದೆನಾ" ಅಂದ.

ನಾಲ್ಕನೆಯ ತುಣುಕು ಹೀಗೇ ಶುರುವಾಗುತ್ತದೆ. ಕತ್ತಲು, ಪಕ್ಕದಿಂದ ಬೆಳಕು, ಒಂದು ಅಕ್ಷರ ಎದ್ದು ನಿಲ್ಲುತ್ತದೆ, ಹುಡುಗನ ಬೆರಳು, "ಇದು ಯಾವ ಅಕ್ಷರ ಸಾರ್?" ರಾಜ, ಶತಮಾನ ಎಲ್ಲ ಕೊನೆಯ ಹತ್ತು ಸೆಕೆಂಡಿಗೆ ಹೋದವು.

69.

ಐದನೆಯದು ಮತ್ತೊಂದು ಸಾಮಾನ್ಯ ಕಲ್ಲು, ಅದೇ ಆರಂಭ, ಬೇರೆ ಪದ. 'ಪಾಲ್' ಅಂತ ಕೆತ್ತಿದ್ದನ್ನು ತೋರಿಸಿ ಅದು ಹಾಲಾದ ಕಥೆ. ಪ ಹೋಗಿ ಹ ಬಂದದ್ದು, ಪುಲಿ ಹುಲಿಯಾದದ್ದು, ಪೂ ಹೂವಾದದ್ದು. 67. ಎರಡನ್ನೂ ಹೆಚ್ಚುಕಡಿಮೆ ಐದೈದು ಸಾವಿರ ಸಲ ತೋರಿಸಿತ್ತು, ಹಾಗಾಗಿ 48ಕ್ಕೂ 67ಕ್ಕೂ ಇರುವ ಅಂತರ ನಾಣ್ಯದ ಆಟವಲ್ಲ.

ಆದರೆ ನನ್ನ ಕಣ್ಣು ತೆರೆಸಿದ ಅಂಕಿ ಇದಲ್ಲ. ಪ್ರತಿ ವಿಡಿಯೋದಿಂದ ಎಷ್ಟು ಜನ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆದರು ಅನ್ನುವುದನ್ನೂ ಸ್ಟುಡಿಯೋ ತೋರಿಸುತ್ತದೆ. ಬೇಗೂರು ಕಲ್ಲನ್ನು ನೋಡಿದ 21,000ದಲ್ಲಿ 19 ಜನ. ಗದ್ದೆಯ ತುಣುಕನ್ನು ನಿಂತು ನೋಡಿದ ಸುಮಾರು 3,600ರಲ್ಲಿ 38 ಜನ. ಹಾಲಿನದ್ದರಲ್ಲಿ 3,100ಕ್ಕೆ 34. ಸಾವಿರಕ್ಕೆ ಒಬ್ಬರೂ ಇಲ್ಲದ ಕಡೆಯಿಂದ ಸಾವಿರಕ್ಕೆ ಹತ್ತು ಜನ. ಬೇಗೂರಿಗೆ ಬಂದವರು ಬೆಂಗಳೂರು ಅನ್ನುವ ಹೆಸರಿಗೆ ಬಂದರು, ನೋಡಿದರು, ಖುಷಿಪಟ್ಟರು, ಹೋದರು. ಅವರಿಗೆ ಇನ್ನೊಂದು ಕಲ್ಲು ಬೇಕಿರಲಿಲ್ಲ. ಗದ್ದೆಗೆ ಬಂದವರಿಗೆ ಇನ್ನೊಂದು ಪದ ಬೇಕಿತ್ತು. ಸರಣಿಗೆ ಬೇಕಾದ ನೋಡುಗರು ಎರಡನೆಯವರು.

ಕಾಮೆಂಟುಗಳೂ ಅದನ್ನೇ ಹೇಳುತ್ತಿದ್ದವು, ಓದುವ ರೀತಿ ಗೊತ್ತಿದ್ದರೆ. "ಸೂಪರ್", "ಜೈ ಕನ್ನಡ", ಚಪ್ಪಾಳೆಯ ಚಿತ್ರ, ಇವನ್ನೆಲ್ಲ ಸಂತೋಷದಿಂದ ಓದಿ ಲೆಕ್ಕದಿಂದ ಬಿಟ್ಟೆ. ಎರಡೇ ಬಗೆಯವನ್ನು ಎಣಿಸಿದೆ. ಮುಂದಿನದನ್ನು ಕೇಳುವವು ಒಂದು: "ಮಳೆ ಅನ್ನೋದನ್ನ ಆಗ ಹೇಗೆ ಬರೀತಿದ್ರು?" ತಮ್ಮದನ್ನು ತರುವವು ಇನ್ನೊಂದು: "ನಮ್ಮ ಊರಿನ ಈಶ್ವರನ ಗುಡಿ ಹಿಂದೆ ಇಂಥದ್ದೊಂದಿದೆ, ಬಟ್ಟೆ ಒಗೀತಾರೆ ಅದರ ಮೇಲೆ." ಬೇಗೂರಿನ ಕೆಳಗೆ ಇಂಥವು ಮೂರು. ಗದ್ದೆ ಮತ್ತು ಹಾಲಿನ ಕೆಳಗೆ ಸೇರಿ ಇಪ್ಪತ್ತೇಳು. ಈ ಎರಡನೆಯ ಬಗೆ ನನಗೆ ಸರಕು ಕೂಡ. ಮುಂದೆ ಯಾವ ಕಲ್ಲಿಗೆ ಹೋಗಬೇಕು ಅನ್ನುವ ಪಟ್ಟಿ ತಾನಾಗಿ ಬೆಳೆಯತೊಡಗಿತು.

45 ಸೆಕೆಂಡಿಗೆ ಒಂಬತ್ತು ಗಂಟೆ

ಪರೀಕ್ಷೆಯ ಇನ್ನರ್ಧ ನೋಡುಗರದ್ದಲ್ಲ, ಮಾಡುವವರದ್ದು. ಪ್ರತಿ ತುಣುಕಿಗೂ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟೆ. ಸುಮ್ನೆ ಅಂದಾಜು ಅಲ್ಲ, ಗಡಿಯಾರ ನೋಡಿ. ಸರಾಸರಿ ಒಂಬತ್ತು ಗಂಟೆ. ಹೋಗಿ ಬಂದು ಶೂಟ್ ಮಾಡಲು ಮೂರು, ಎಡಿಟಿಗೆ ಎರಡು. ಉಳಿದ ನಾಲ್ಕು ಗಂಟೆ ಎಲ್ಲಿ ಹೋಯಿತು?

ಓದುವುದಕ್ಕೆ. ಕಲ್ಲಿನಲ್ಲಿ ಇರುವುದು ನಾನು ಅಂದುಕೊಂಡ ಪದವೇ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೆ. 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚಾದ ಪಾಠವನ್ನು ಹುಡುಕಬೇಕು, ಅದನ್ನು ಫೋಟೋದ ಪಕ್ಕ ಇಟ್ಟು ಸಾಲು ಸಾಲು ನೋಡಬೇಕು. ಕೊನೆಗೆ ಹಳಗನ್ನಡ ಬಲ್ಲ ನಿವೃತ್ತ ಮೇಷ್ಟ್ರೊಬ್ಬರಿಗೆ ತೋರಿಸಬೇಕು. ಅವರು ಶನಿವಾರ ಮಧ್ಯಾಹ್ನ ಮಾತ್ರ ಸಿಗುತ್ತಾರೆ. ಕ್ಯಾಮೆರಾ, ಡ್ರೋನ್, ಮೈಕು, ಇವೇ ಕಷ್ಟ ಅಂದುಕೊಂಡಿದ್ದೆ. ನಿಜವಾದ ಇಕ್ಕಟ್ಟು ಮೇಷ್ಟ್ರ ಶನಿವಾರ. ಹದಿನೈದು ನಿಮಿಷದ ಕಂತಿಗೆ ಇಡೀ ಶಾಸನ ಓದಬೇಕು. ಒಂದು ಪದದ ತುಣುಕಿಗೆ ಆ ಒಂದು ಸಾಲು ಖಾತ್ರಿಯಾದರೆ ಸಾಕು.

ಇದು ಐದು ತುಣುಕು ಮಾಡದೆ ಗೊತ್ತಾಗುತ್ತಲೇ ಇರಲಿಲ್ಲ.

ಶಾರ್ಟ್ ಹೇಳದ ವಿಷಯ

ಇಷ್ಟಾದ ಮೇಲೂ ಒಂದು ಪ್ರಶ್ನೆ ಹಾಗೇ ಉಳಿದಿತ್ತು. 45 ಸೆಕೆಂಡ್ ನಿಂತವರು ಹದಿನೈದು ನಿಮಿಷ ಕೂರುತ್ತಾರೆಯೇ? ಬಸ್ ಸ್ಟಾಪಿನಲ್ಲಿ ನಿಂತು ಬೆರಳಾಡಿಸುವವನೂ, ಊಟದ ತಟ್ಟೆ ಹಿಡಿದು ಟಿವಿಯಲ್ಲಿ ವಿಡಿಯೋ ಹಾಕುವವನೂ ಒಬ್ಬನೇ ಇರಬಹುದು, ಆದರೆ ಆ ಹೊತ್ತಿನಲ್ಲಿ ಅವರು ಬೇರೆ ಬೇರೆ ಜನ. ಶಾರ್ಟ್‌ನಿಂದ ಎರಡು ವಿಷಯ ಗೊತ್ತಾಗುತ್ತದೆ: ಈ ಐಡಿಯಾದ ಬಾಗಿಲು ಜನರನ್ನು ನಿಲ್ಲಿಸುತ್ತದೆಯೇ, ಮತ್ತೆ ಬರುವ ಆಸೆ ಹುಟ್ಟುತ್ತದೆಯೇ. ಒಳಗೆ ಎಷ್ಟು ಹೊತ್ತು ಕೂರುತ್ತಾರೆ ಅನ್ನುವುದು ಗೊತ್ತಾಗುವುದಿಲ್ಲ.

ಇಲ್ಲಿ ಹಲವರು ಎಡವುತ್ತಾರೆ. ಶಾರ್ಟ್ಸ್ ಓಡಿತು ಅಂತ ನೇರ ಹನ್ನೆರಡು ಕಂತಿಗೆ ಧುಮುಕುತ್ತಾರೆ. ನಡುವೆ ಒಂದು ಮೆಟ್ಟಿಲು ಬೇಕು. ನಾನು ಗದ್ದೆಯ ಕಲ್ಲನ್ನೇ ತೆಗೆದುಕೊಂಡು ಏಳು ನಿಮಿಷದ ಅಡ್ಡ ವಿಡಿಯೋ ಒಂದನ್ನು ಮಾಡಿದೆ. ನಾಲ್ಕು ಮತ್ತು ಐದನೆಯ ಶಾರ್ಟ್‌ನಲ್ಲಿ `Related video` ಎಂಬ ಜಾಗದಲ್ಲಿ ಅದರ ಕೊಂಡಿ ಹಾಕಿದೆ. ಶಾರ್ಟ್‌ನ ವಿವರಣೆಯಲ್ಲೋ ಕಾಮೆಂಟಿನಲ್ಲೋ ಲಿಂಕ್ ಹಾಕಿದರೆ ಪ್ರಯೋಜನವಿಲ್ಲ, 2023ರ ಆಗಸ್ಟ್ ಕೊನೆಯಿಂದ ಅವು ಒತ್ತಿದರೆ ತೆರೆಯುವುದಿಲ್ಲ.

ಎರಡು ವಾರದಲ್ಲಿ 640 ಜನ ನೋಡಿದರು. ಶಾರ್ಟ್‌ನ ಕೊಂಡಿ ಹಿಡಿದು ಬಂದವರು 70 ಜನ ಮಾತ್ರ. ಸಾವಿರಾರು ಜನ ಶಾರ್ಟ್ ನೋಡಿದ್ದಕ್ಕೆ ಇದು ಕಡಿಮೆ ಅನಿಸಬಹುದು. ನನಗೂ ಅನಿಸಿತು. ಆದರೆ ಈ ವಿಡಿಯೋದಲ್ಲಿ ನಾನು ಹುಡುಕುತ್ತಿದ್ದುದು ಜನರ ಎಣಿಕೆಯನ್ನಲ್ಲ, ಗ್ರಾಫಿನ ಆಕಾರವನ್ನು. ಎಷ್ಟನೆಯ ನಿಮಿಷದಲ್ಲಿ ಎಷ್ಟು ಜನ ಉಳಿದಿದ್ದಾರೆ ಅನ್ನುವ ಗೆರೆ.

ಮೊದಲ ಅರ್ಧ ನಿಮಿಷಕ್ಕೆ ನೂರರಲ್ಲಿ 66 ಜನ ಉಳಿದಿದ್ದರು. ಆಮೇಲೆ ಎರಡು ನಿಮಿಷದವರೆಗೆ ಗೆರೆ ಹೆಚ್ಚುಕಡಿಮೆ ಸಮ. ಟಾರ್ಚು, ಅಕ್ಷರ, ಹುಡುಗ, ಗದ್ದೆ. 2:05ಕ್ಕೆ ನಾನು ಗಂಗರ ವಂಶಾವಳಿಯ ಚಾರ್ಟ್ ತೆರೆಯುತ್ತೇನೆ. ನಲವತ್ತು ಸೆಕೆಂಡಿನಲ್ಲಿ 58 ಇದ್ದದ್ದು 39ಕ್ಕೆ ಬಿತ್ತು. ಕಲ್ಯಾಣಿ ಸರಣಿಯ ಹಳೆಯ ರೋಗವೇ, ಜಾಗ ಮಾತ್ರ ಬದಲಾಗಿದೆ.

ಐದನೆಯ ನಿಮಿಷದಲ್ಲಿ ಒಂದು ಸಣ್ಣ ಗುಡ್ಡ ಎದ್ದಿತ್ತು. ಜನ ಹಿಂದೆ ಹೋಗಿ ಮತ್ತೆ ನೋಡಿದ ಜಾಗದಲ್ಲಿ ಗ್ರಾಫ್ ಹೀಗೆ ಉಬ್ಬುತ್ತದೆ. ಅಲ್ಲೇನಿತ್ತು ಅಂತ ನೋಡಿದರೆ ಶಾಪ. ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಶಾಪ ಇರುತ್ತದೆ: ಈ ದಾನವನ್ನು ಕೆಡಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗಲಿ, ಅಂತ. ನಾನು ಅದನ್ನು ಕೊನೆಗೆ ಸೇರಿಸಿದ್ದು ಬರೀ ತಮಾಷೆಗೆ. ಈಗ ಅದು ಪ್ರತಿ ಕಂತಿನ ಮುಕ್ತಾಯ. ಬಹುತೇಕ ಎಲ್ಲ ದಾನಶಾಸನದಲ್ಲೂ ಸಿಗುತ್ತದೆ, ಆದರೆ ಕಲ್ಲಿಂದ ಕಲ್ಲಿಗೆ ಬೈಗುಳ ಒಂಚೂರು ಬದಲಾಗುತ್ತದೆ. ಸರಣಿಗೆ ಇದಕ್ಕಿಂತ ಇನ್ನೇನು ಬೇಕು?

ಏಳು ನಿಮಿಷದ ಈ ವಿಡಿಯೋಗೆ 26 ಗಂಟೆ ಹಿಡಿಯಿತು. ಹದಿನೈದು ನಿಮಿಷಕ್ಕೆ 50 ಅಂತ ಇಟ್ಟುಕೊಂಡರೂ ಹನ್ನೆರಡು ಕಂತಿಗೆ 600 ಗಂಟೆ. ಕೆಲಸಕ್ಕೆ ಹೋಗುವ ನನಗೆ ವಾರಕ್ಕೆ ಸಿಗುವುದು ಹನ್ನೆರಡು ಗಂಟೆ. ಅಂದರೆ ಐವತ್ತು ವಾರ, ಹೆಚ್ಚುಕಡಿಮೆ ಒಂದು ವರ್ಷ. ನಾನು ಅಂದುಕೊಂಡಿದ್ದು ನಾಲ್ಕು ತಿಂಗಳು! ಏಳು ನಿಮಿಷದ ಆರು ಕಂತಾದರೆ 156 ಗಂಟೆ, ಹದಿಮೂರು ವಾರ.

ಹೀಗೆ ಹದಿನೈದು ನಿಮಿಷದ ಹನ್ನೆರಡು ಕಲ್ಲುಗಳು ಹೋಗಿ, ಏಳು ನಿಮಿಷದ ಆರು ಪದಗಳು ಬಂದವು. ಸರಣಿಯ ವಿಷಯವೇ ಬದಲಾಯಿತು ಅಂತ ಒಬ್ಬ ಗೆಳೆಯ ಆಕ್ಷೇಪಿಸಿದ. ಇತಿಹಾಸ ಹೇಳಲು ಹೊರಟು ವ್ಯಾಕರಣಕ್ಕೆ ಬಂದೆಯಲ್ಲ ಅಂದ. ಇರಬಹುದು. ಆದರೆ ಗದ್ದೆಯ ಕಥೆ ಹೇಳುವಾಗ ಕೆರೆ, ತೂಬು, ದಾನ ಕೊಟ್ಟವನು ಎಲ್ಲ ಬಂದೇ ಬರುತ್ತಾರೆ, ಹಿಂಬಾಗಿಲಿನಿಂದ.

ಈ ಪರೀಕ್ಷೆಗೆ ಸಿಗದ ಒಂದು ಸಂಗತಿಯನ್ನೂ ಹೇಳಬೇಕು. ಸ್ಥಳೀಯ ಇತಿಹಾಸದ ವಿಡಿಯೋಗಳಿಗೆ ಜನ ಹುಡುಕಿಕೊಂಡು ಬರುವುದುಂಟು. ಊರಿನ ಹೆಸರು ಟೈಪ್ ಮಾಡಿ, ವರ್ಷಗಳ ನಂತರವೂ. ಫೀಡಿನಲ್ಲಿ ಹತ್ತು ದಿನ ನೋಡಿ ತೀರ್ಮಾನಿಸಿದರೆ ಅಂಥ ನಿಧಾನದ ಬೆಳೆ ಕಣ್ಣಿಗೆ ಬೀಳುವುದೇ ಇಲ್ಲ. ನನ್ನ ಸತ್ತ ಕಲ್ಯಾಣಿ ಸರಣಿಯಲ್ಲೇ ಒಂದು ಕಂತಿಗೆ ಈಗಲೂ ದಿನಕ್ಕೆ ನಾಲ್ಕೈದು ಜನ `YouTube search` ದಾರಿಯಿಂದ ಬರುತ್ತಾರೆ. ಮೂರನೆಯ ತುಣುಕಿನ ಕಲ್ಲು ಫೀಡಿನಲ್ಲಿ ಸೋತಿತು ಅಂದರೆ ಫೀಡಿನಲ್ಲಿ ಸೋತಿತು ಅಂತಷ್ಟೇ. ಅದನ್ನು ಅಳಿಸಿಲ್ಲ. ಹುಡುಕುವವರಿಗೆ ಸಿಗಲಿ ಅಂತ ಶೀರ್ಷಿಕೆಗೆ ಊರಿನ ಹೆಸರು ಸೇರಿಸಿ ಬಿಟ್ಟಿದ್ದೇನೆ.

ಬೇಗೂರು ಕಲ್ಲನ್ನು ಎಲ್ಲಿಡುವುದು ಅನ್ನುವುದೇ ಕೊನೆಯ ಚರ್ಚೆಯಾಗಿತ್ತು. ಎಲ್ಲರೂ ಅದೇ ಮೊದಲ ಕಂತಾಗಲಿ ಅಂದರು. ನಾನು ನಾಲ್ಕನೆಯದಾಗಿ ಇಟ್ಟಿದ್ದೇನೆ. ಆ ಹೊತ್ತಿಗೆ ನೋಡುವವರಿಗೆ ಪ ಮತ್ತು ಹ ಗೊತ್ತಿರುತ್ತದೆ, ೞ ಗೊತ್ತಿರುತ್ತದೆ. ಟಾರ್ಚ್ ಹಿಡಿದಾಗ 'ಬೆಂಗಳೂರು' ಅನ್ನುವುದನ್ನು ನಾನು ಓದಿ ಹೇಳುವ ಮೊದಲೇ ಅವರು ಓದಬಹುದು. ಆ ಕಂತಿನ ಮೊದಲ ಹತ್ತು ಸೆಕೆಂಡ್ ನಾನು ಬಾಯಿ ಬಿಡುವುದಿಲ್ಲ.